ಹುಬ್ಬಳ್ಳಿ ಆಫೀಸ್ ಮುಚ್ಚುವ ಮೇಲ್ ಬರೆದಾಗ ಕಲಿತದ್ದು

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. ನಮಗೆ ಹುಬ್ಬಳ್ಳಿಯಲ್ಲೂ ಒಂದು ಆಫೀಸ್ ಇತ್ತು. ಅಲ್ಲಿ 38 ಜನರ ಕಸ್ಟಮರ್ ಸಪೋರ್ಟ್ ತಂಡ. ಆ ಕಟ್ಟಡದ ಬಾಡಿಗೆ ಕರಾರು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವುದು ಬೇಡ, ಆ ತಂಡವನ್ನು ಬೆಂಗಳೂರಿನ ತಂಡದ ಜೊತೆ ಸೇರಿಸೋಣ ಅಂತ ಏಪ್ರಿಲ್ ಕೊನೆಗೆ ತೀರ್ಮಾನವಾಯಿತು. ಎಲ್ಲರಿಗೂ ಮೇಲ್ ಬರೆಯುವ ಕೆಲಸ ನನಗೆ ಬಂತು.

ಮೊದಲು ಬರೆದದ್ದರಲ್ಲಿ ಹೀಗಿತ್ತು: 'ಎರಡೂ ತಂಡಗಳನ್ನು ಒಂದುಗೂಡಿಸುವ ಬಗ್ಗೆ ಯೋಚಿಸಲಾಗುತ್ತಿದೆ. ಸದ್ಯಕ್ಕೆ ಯಾರ ಕೆಲಸಕ್ಕೂ ತೊಂದರೆ ಇಲ್ಲ.' ಕಳಿಸುವ ಮುಂಚೆ ಹುಬ್ಬಳ್ಳಿಯ ಟೀಮ್ ಲೀಡ್ ಒಬ್ಬರಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಅವರು ಪೂರ್ತಿ ಕೇಳಿ ಅಂದದ್ದು ಇಷ್ಟೇ: "ಮೇಡಂ, ಮಗಳ ಸಾಲಿ ಫೀ ಈ ತಿಂಗಳು ಕಟ್ಟಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ನನ್ನ ಮೇಲ್‌ನಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಅದರ ಎರಡೂ ಸಾಲು ಸುಳ್ಳು. ತಂಡ ಒಂದುಗೂಡಿಸುವುದು ತೀರ್ಮಾನವಾಗಿತ್ತು, ನಾನು 'ಯೋಚಿಸಲಾಗುತ್ತಿದೆ' ಅಂತ ಬರೆದಿದ್ದೆ. ಎಷ್ಟು ಜನರ ಕೆಲಸ ಉಳಿಯುತ್ತದೆ ಅನ್ನುವುದು ತೀರ್ಮಾನವಾಗಿರಲಿಲ್ಲ, ಅದಕ್ಕೆ 'ತೊಂದರೆ ಇಲ್ಲ' ಅಂದಿದ್ದೆ. 'ಸದ್ಯಕ್ಕೆ' ಅನ್ನುವ ಪದವನ್ನು ಜನ ಹೇಗೆ ಓದುತ್ತಾರೆ ಅಂತ ನಿಮಗೂ ಗೊತ್ತು ಅಲ್ವಾ.

ಆಮೇಲೆ ಕೂತು ಒಂದೊಂದೇ ಸಾಲು ಬೇರೆ ಮಾಡಿದೆ. ತೀರ್ಮಾನ ಆಗಿರುವುದಕ್ಕೆ ತಾರೀಖು ಬೇಕು, 'ಬಹುಶಃ' ಇರಬಾರದು. ಆಗದೇ ಇರುವುದಕ್ಕೆ ಮೂರು ವಿಷಯ ಬೇಕು: ಇನ್ನೂ ಏನು ಬಾಕಿ, ಯಾರು ತೀರ್ಮಾನ ಮಾಡುತ್ತಾರೆ, ಯಾವತ್ತು ತಿಳಿಸುತ್ತೇವೆ. ಮೇ 6ಕ್ಕೆ ಹೋದ ಮೇಲ್ ಇಂಗ್ಲಿಷ್‌ನಲ್ಲಿತ್ತು. ಅದರ ಮುಖ್ಯ ಭಾಗ ಕನ್ನಡದಲ್ಲಿ ಹೀಗೆ:

'ತೀರ್ಮಾನ ಆಗಿದೆ: ಹುಬ್ಬಳ್ಳಿ ಆಫೀಸ್ ಸೆಪ್ಟೆಂಬರ್ 30ಕ್ಕೆ ಮುಚ್ಚುತ್ತದೆ. ಜುಲೈ 1ರಿಂದ ಎರಡೂ ತಂಡಕ್ಕೆ ಒಬ್ಬರೇ ಮುಖ್ಯಸ್ಥರು. ಸೆಪ್ಟೆಂಬರ್ 30ರವರೆಗೆ ಎಲ್ಲರಿಗೂ ಈಗಿನ ಸಂಬಳವೇ ಬರುತ್ತದೆ.

ತೀರ್ಮಾನ ಆಗಿಲ್ಲ: ಎಷ್ಟು ಜನ ಹುಬ್ಬಳ್ಳಿಯಲ್ಲೇ ಮನೆಯಿಂದ ಕೆಲಸ ಮಾಡಬಹುದು, ಎಷ್ಟು ಜನ ಬೆಂಗಳೂರಿಗೆ ಬರಬೇಕು. ಕೆಲವು ಹುದ್ದೆಗಳು ಹೋಗಬಹುದು, ಎಷ್ಟು ಅಂತ ನಮಗೆ ಗೊತ್ತಿಲ್ಲ. ಇದನ್ನು ಆಪರೇಷನ್ಸ್ ಮುಖ್ಯಸ್ಥರು ಮತ್ತು ಹಣಕಾಸು ವಿಭಾಗದವರು ಸೇರಿ ನಿರ್ಧರಿಸುತ್ತಾರೆ. ಮೇ 30ಕ್ಕೆ ನಿಮಗೆ ತಿಳಿಸುತ್ತೇವೆ.'

'ಹುದ್ದೆಗಳು ಹೋಗಬಹುದು' ಅನ್ನುವುದನ್ನು ತೆಗೆಯಿರಿ, ಒಳ್ಳೆಯವರೇ ಮೊದಲು ಬಿಟ್ಟು ಹೋಗುತ್ತಾರೆ ಅಂತ ನಮ್ಮ ಡೈರೆಕ್ಟರ್ ಹೇಳಿದರು. ಅವರ ಭಯ ಸುಮ್ನೆ ಅಲ್ಲ, ಆ ತಿಂಗಳೇ ಇಬ್ಬರು ಬಿಟ್ಟರು. ಆದರೆ ಆಫೀಸ್ ಮುಚ್ಚುತ್ತದೆ ಅಂತ ಓದಿದ ಯಾರಿಗೂ ಈ ಪ್ರಶ್ನೆ ಬರದೇ ಇರಲ್ಲ. ನಾವು ಬರೆಯದಿದ್ದರೆ ಅವರೇ ಒಂದು ಸಂಖ್ಯೆ ಊಹಿಸಿಕೊಳ್ಳುತ್ತಾರೆ, ಅದು ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿರುತ್ತದೆ. ಆ ಸಾಲು ಉಳಿಯಿತು.

ಇನ್ನೊಂದು ವಿಷಯ ಕಷ್ಟದ್ದು. ಹೊಸ ಮುಖ್ಯಸ್ಥರು ಯಾರು ಅಂತ ನನಗೆ ಗೊತ್ತಿತ್ತು, ಆದರೆ ಅವರು ಇನ್ನೂ ಹಳೆ ಕಂಪನಿಯಲ್ಲಿ ರಾಜೀನಾಮೆ ಕೊಟ್ಟಿರಲಿಲ್ಲ. ಅದನ್ನು 'ತೀರ್ಮಾನ ಆಗಿಲ್ಲ' ಅನ್ನುವ ಕಡೆ ಹಾಕುವುದು ಸುಲಭವಿತ್ತು. ನಾಲ್ಕು ವಾರ ಆದಮೇಲೆ ಹೆಸರು ಹೊರಬಂದಾಗ, ಇವರಿಗೆ ಮೊದಲೇ ಗೊತ್ತಿತ್ತು ಅಂತ ಎಲ್ಲರಿಗೂ ಅರ್ಥವಾಗುತ್ತಿತ್ತು, ಆಮೇಲೆ ನಾವು 'ಗೊತ್ತಿಲ್ಲ' ಅಂದ ಒಂದು ಮಾತನ್ನೂ ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ಇದ್ದದ್ದನ್ನೇ ಬರೆದೆ: 'ಆಯ್ಕೆ ಆಗಿದೆ, ಹೆಸರು ಈಗ ಹೇಳುವ ಹಾಗಿಲ್ಲ, ಜೂನ್ 3ಕ್ಕೆ ಹೇಳುತ್ತೇವೆ.'

ಮೇ 30 ಬಂತು. ಮನೆಯಿಂದ ಕೆಲಸದ ಲೆಕ್ಕ ಸಿಕ್ಕಿತ್ತು, ಹುದ್ದೆಗಳದ್ದು ಇರಲಿಲ್ಲ. ಎಲ್ಲಾ ಸಿಕ್ಕ ಮೇಲೆ ಒಟ್ಟಿಗೆ ಕಳಿಸೋಣ ಅಂತ ಅನ್ನಿಸಿದ್ದು ನಿಜ. ಆದರೂ ಅವತ್ತೇ ಕಳಿಸಿದೆ. 21 ಜನರಿಗೆ ಹುಬ್ಬಳ್ಳಿಯಲ್ಲೇ ಕೆಲಸ ಇದೆ, ಉಳಿದದ್ದು ಬಜೆಟ್ ಒಪ್ಪಿಗೆ ತಡವಾದ್ದರಿಂದ ಬಾಕಿ ಇದೆ, ಜೂನ್ 13ಕ್ಕೆ ಬರೆಯುತ್ತೇವೆ ಅಂತ. ಆ 21 ಜನರಿಗೆ ಮೇಲ್ ಹೋಗುವ ಮೊದಲೇ ಅವರವರ ಲೀಡ್ ಹೇಳಿದ್ದರು.

ಜೂನ್ 12ಕ್ಕೆ ನಾನೇ ಹುಬ್ಬಳ್ಳಿಗೆ ಹೋದೆ. ಎಂಟು ಹುದ್ದೆ ಹೋಗಿತ್ತು. ಎಂಟು ಜನರ ಜೊತೆ ಒಬ್ಬೊಬ್ಬರಾಗಿ ಕೂತು ಮಾತಾಡಿ, ನೋಟಿಸ್ ಅವಧಿ, ಕೊನೆಯ ಲೆಕ್ಕ ಎಲ್ಲಾ ಕಾಗದದಲ್ಲಿ ಕೊಟ್ಟ ಮೇಲೆಯೇ ಮಾರನೇ ದಿನ ಎಲ್ಲರಿಗೂ ಮೇಲ್ ಹೋಯಿತು. ಫೀಸಿನ ಬಗ್ಗೆ ಕೇಳಿದ್ದ ಲೀಡ್ ಆ 21 ಜನರಲ್ಲಿ ಒಬ್ಬರು. ಮೇ 30ರ ಸಂಜೆಯೇ ಕಟ್ಟಿದ್ದರಂತೆ.