ಕಾಫಿಪುಡಿ ಅಂಗಡಿಯ ವಿಡಿಯೋ ಬೂಸ್ಟ್: ಎರಡನೇ ಸುತ್ತಿನ ಲೆಕ್ಕ

ಚಿಕ್ಕಮಗಳೂರಿನ ನಮ್ಮ ಕಾಫಿಪುಡಿ ಅಂಗಡಿಯ ಫೇಸ್‌ಬುಕ್ ಪೇಜಿನಿಂದ ಎರಡನೇ ಬೂಸ್ಟ್, ಅಂದರೆ ದುಡ್ಡು ಕೊಟ್ಟು ವಿಡಿಯೋವನ್ನು ಹೆಚ್ಚು ಜನರಿಗೆ ತೋರಿಸುವ ಕೆಲಸ, ಮುಗಿಯಿತು. ವಿಡಿಯೋ ಹಳೆಯದೇ: ಹುರಿದ ಬೀಜ ಯಂತ್ರಕ್ಕೆ ಬೀಳುತ್ತದೆ, ಬಿಸಿಬಿಸಿ ಪುಡಿ ಪ್ಯಾಕೆಟ್ ಸೇರುತ್ತದೆ. ಸಿನಿಮಾ ಹಾಡು ಹಾಕಿಲ್ಲ. ಹಕ್ಕುಸ್ವಾಮ್ಯವಿರುವ ಹಾಡಿದ್ದರೆ ಬೂಸ್ಟ್ ಮಾಡಲು ಬಿಡುವುದಿಲ್ಲ, ಹಾಗಾಗಿ ಯಂತ್ರದ ಸದ್ದೇ ಇರಲಿ ಎಂದು ಬಿಟ್ಟೆವು.

ಈ ಸಲ ಬದಲಿಸಿದ್ದು ಗುರಿಯೊಂದನ್ನೇ. ಮೊದಲ ಸಲ ‘ವಿಡಿಯೋ ವೀಕ್ಷಣೆ’, ಈಗ ‘ಮೆಸೇಜ್’. ದುಡ್ಡು, ದಿನ, ಊರು ಎಲ್ಲ ಅದೇ. ನಾವು ಯಾವ ಗುರಿ ಒತ್ತುತ್ತೇವೋ, ಅದನ್ನು ಮಾಡುವ ಅಭ್ಯಾಸ ಇರುವವರನ್ನೇ ಹುಡುಕಿ ಫೇಸ್‌ಬುಕ್‌ನವರು ವಿಡಿಯೋ ತೋರಿಸುತ್ತಾರೆ. ವೀಕ್ಷಣೆ ಕೇಳಿದಾಗ ನೋಡುವವರು ಸಾವಿರಗಟ್ಟಲೆ ಸಿಕ್ಕರು, ಮೆಸೇಜ್ ಬಂದದ್ದು ಎರಡು. ಈಗ ನೋಡಿದವರು ತೀರಾ ಕಡಿಮೆ, ಮೆಸೇಜ್ 31.

ಜಾಗದ ವಿಷಯದಲ್ಲಿ ನಮ್ಮೂರಿಗೆ ಒಂದು ತೊಡಕಿದೆ. ಊರು ಆರಿಸಿದರೆ ಅಲ್ಲಿ ವಾಸವಿರುವವರ ಜೊತೆಗೆ ಈಚೆಗೆ ಅಲ್ಲಿಗೆ ಬಂದುಹೋದವರೂ ಸೇರುತ್ತಾರೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವ ಬೆಂಗಳೂರಿನವರೆಲ್ಲ ಲೆಕ್ಕಕ್ಕೆ ಬಂದುಬಿಡುತ್ತಾರೆ. ನಮಗೆ ಬೇಕಿರುವುದು ತಿಂಗಳು ತಿಂಗಳೂ ಪುಡಿ ಒಯ್ಯುವ ಮನೆಯವರು. ಅದಕ್ಕೇ ಬೂಸ್ಟನ್ನು ಸೋಮವಾರ ಶುರುಮಾಡಿ ಶುಕ್ರವಾರ ಸಂಜೆಗೆ ನಿಲ್ಲಿಸಿದೆ. ವಯಸ್ಸು 28ರ ಮೇಲೆ ಎಂದಷ್ಟೇ ಇಟ್ಟೆ. ಆಸಕ್ತಿಗಳ ಪಟ್ಟಿಯಲ್ಲಿ ‘ಕಾಫಿ’ ಸೇರಿಸಲಿಲ್ಲ. ಇಲ್ಲಿ ಕಾಫಿ ಕುಡಿಯದ ಮನೆ ಯಾವುದಿದೆ? ಇಷ್ಟು ಚಿಕ್ಕ ಊರಿನಲ್ಲಿ ಇನ್ನೂ ಸೋಸಿದರೆ, ಅದೇ ಜನಕ್ಕೆ ಅದೇ ವಿಡಿಯೋ ಮತ್ತೆ ಮತ್ತೆ ಕಾಣುತ್ತದೆ. ತಲುಪಿದವರ ಸಂಖ್ಯೆ ನಿಂತು, ತೋರಿಸಿದ ಸಲ ಮಾತ್ರ ಏರುತ್ತಿದ್ದರೆ ಹಾಗಾಗಿದೆ ಎಂದರ್ಥ.

ದಿನಕ್ಕೆ 180 ರೂಪಾಯಿಯಂತೆ ಐದು ದಿನಕ್ಕೆ 900. ಮೇಲೆ ಶೇ. 18 ಜಿಎಸ್‌ಟಿ ಸೇರಿ 1,062. ನಡುವೆ ಮೊತ್ತ, ಊರು ಏನನ್ನೂ ಮುಟ್ಟಲಿಲ್ಲ, ಮುಟ್ಟಿದರೆ ಮತ್ತೆ ಪರಿಶೀಲನೆಗೆ ಹೋಗಬಹುದು, ಜನರನ್ನು ಹುಡುಕುವ ಕೆಲಸವೂ ಮೊದಲಿಂದ ಶುರುವಾಗಬಹುದು.

ಒಂದು ಮೆಸೇಜಿಗೆ ಸುಮಾರು 34 ರೂಪಾಯಿ ಬಿತ್ತು. ಆದರೆ ಅದನ್ನು ನೋಡಿ ಖುಷಿಪಡುವಂತಿಲ್ಲ. ರೇಟು ಕೇಳಿ ಸುಮ್ಮನಾದವರೇ ಹೆಚ್ಚು. ಮೆಸೇಜ್ ಮಾಡಿದವರ ಹೆಸರು, ನಂಬರ್ ಬರೆದ ಚೀಟಿಯನ್ನು ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿಕೊಂಡಿದ್ದರು. ಬಂದು ಕೊಂಡವರ ಮುಂದೆ ಟಿಕ್ ಹಾಕಿದರು. ಟಿಕ್ ಒಂಬತ್ತು. ಅಂದರೆ ಒಬ್ಬ ಹೊಸ ಗಿರಾಕಿಗೆ 118 ರೂಪಾಯಿ ಖರ್ಚು. ಅರ್ಧ ಕೇಜಿ ಪ್ಯಾಕೆಟ್ಟಿನಲ್ಲಿ ನಮಗೆ ಉಳಿಯುವುದು 70. ಒಂದೇ ಸಲ ಬಂದುಹೋದರೆ ನಷ್ಟ, ಎರಡನೇ ಪ್ಯಾಕೆಟ್ಟಿಗೆ ಬಂದರೆ ಲಾಭ.

ಆ ಒಂಬತ್ತು ಜನಕ್ಕೂ ವಾಟ್ಸಾಪ್ ಬಿಸಿನೆಸ್‌ನಲ್ಲಿ ‘ಬೂಸ್ಟ್ 2’ ಎಂದು ಲೇಬಲ್ ಹಾಕಿದ್ದೇನೆ. ಅರ್ಧ ಕೇಜಿ ಪುಡಿ ಮುಗಿಯುವ ಹೊತ್ತಿಗೆ ಅವರಲ್ಲಿ ಐದು ಮಂದಿಯಾದರೂ ತಿರುಗಿ ಬಂದರೆ ಮೂರನೇ ಸುತ್ತಿಗೆ ದುಡ್ಡು ಹಾಕುತ್ತೇನೆ.