"ಎರಡು ಮೂರು ದಿನ" ಅಂದಿದ್ದೆ, ಒಂಬತ್ತು ದಿನ ಆಗಿತ್ತು

ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಎಚ್‌ಆರ್. ಇಂಟರ್‌ವ್ಯೂ ಮುಗಿಸಿ ಹೊರಡುವ ಫ್ರೆಶರ್‌ಗಳಿಗೆ "ಎರಡು ಮೂರು ದಿನದಲ್ಲಿ ಹೇಳ್ತೀವಿ" ಅನ್ನುವುದು ನನಗೆ ಬಾಯಿಪಾಠ. ಹಾಸನದ ಒಬ್ಬ ಹುಡುಗಿಗೂ ಒಂದು ಮಂಗಳವಾರ ಹಾಗೇ ಹೇಳಿ ಕಳಿಸಿದ್ದೆ. ಮುಂದಿನ ವಾರದ ಗುರುವಾರ ಬಂದರೂ ನನ್ನಿಂದ ಸುದ್ದಿಯಿಲ್ಲ.

ಆ ಬೆಳಿಗ್ಗೆ ಅವಳ ಮೇಲ್ ಬಂತು. ಹೊಸ ಮೇಲ್ ಅಲ್ಲ, ಇಂಟರ್‌ವ್ಯೂಗೆ ಕರೆದು ನಾನು ಕಳಿಸಿದ್ದ ಮೇಲ್‌ಗೇ ರಿಪ್ಲೈ. ಹಾಗಾಗಿ ಹುದ್ದೆ, ತಾರೀಖು, ರೆಸ್ಯೂಮೆ ಎಲ್ಲ ಕೆಳಗೇ ಇತ್ತು. "ಎನಿ ಅಪ್‌ಡೇಟ್ ಮೇಡಂ?" ಅಂತ ಸುಮ್ನೆ ಒಂದು ಸಾಲು ಬಂದರೆ ಯಾರಪ್ಪಾ ಇದು ಅಂತ ಹುಡುಕಬೇಕು. ಒಂದೇ ಹೆಸರಿನವರು ಮೂವರಿರುತ್ತಾರೆ. ಆ ಕೆಲಸ ನಾಳೆಗೆ ಹೋಗುತ್ತದೆ, ಆಮೇಲೆ ನಾಡಿದ್ದಿಗೆ.

ಮೇಲ್ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

"ನಮಸ್ಕಾರ ಮೇಡಂ. 10ನೇ ತಾರೀಖು ಟೆಸ್ಟಿಂಗ್ ಹುದ್ದೆಗೆ ಇಂಟರ್‌ವ್ಯೂ ಕೊಟ್ಟಿದ್ದೆ. ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ತೀರ್ಮಾನ ಸುಮಾರು ಯಾವಾಗ ಆಗಬಹುದು ಅಂತ ತಿಳಿಸಲು ಆಗುತ್ತದೆಯೇ? ಇನ್ನೇನಾದರೂ ದಾಖಲೆ ಬೇಕಿದ್ದರೆ ಕಳಿಸುತ್ತೇನೆ."

"ನಾನು ಸೆಲೆಕ್ಟ್ ಆದೆನಾ?" ಅಂತ ಅವಳು ಕೇಳಲಿಲ್ಲ. ಮ್ಯಾನೇಜರ್ ಒಪ್ಪಿಗೆ ಬರುವ ಮುಂಚೆ ಅದಕ್ಕೆ ನಾನು ಉತ್ತರ ಬರೆಯುವ ಹಾಗಿಲ್ಲ. ಅಂಥ ಮೇಲ್‌ಗಳು ಹಾಗೇ ಉಳಿದುಬಿಡುತ್ತವೆ. ಆದರೆ "ಯಾವಾಗ" ಅನ್ನುವುದಕ್ಕೆ ಉತ್ತರ ಹುಡುಕಬಹುದು. "ನೀವು ಮೂರು ದಿನ ಅಂದಿದ್ರಿ" ಅಂತಲೂ ಅವಳು ಬರೆದಿರಲಿಲ್ಲ. ತಾರೀಖು ನೋಡಿ ನನಗೇ ನಾಚಿಕೆಯಾಯಿತು.

ಫೈಲ್ ತೆಗೆದೆ. ಇಂಟರ್‌ವ್ಯೂ ಮಾಡಿದವರು ಇಬ್ಬರು. ಒಬ್ಬರು ಫೀಡ್‌ಬ್ಯಾಕ್ ಹಾಕಿದ್ದರು. ಇನ್ನೊಬ್ಬರು ಮರುದಿನವೇ ರಜೆ ಹಾಕಿ ಊರಿಗೆ ಹೋಗಿದ್ದರು, ಅವರ ಕಾಲಂ ಖಾಲಿ. ಎರಡೂ ಬರದೆ ಫೈಲ್ ಮ್ಯಾನೇಜರ್ ಹತ್ತಿರ ಹೋಗುವುದಿಲ್ಲ. ರಜೆಯಲ್ಲಿದ್ದವರಿಗೆ ಫೋನ್ ಮಾಡಿದೆ, ಸಂಜೆಗೆ ತುಂಬಿದರು. "ಬರುವ ಬುಧವಾರದೊಳಗೆ ತಿಳಿಸುತ್ತೇನೆ" ಅಂತ ಅವಳಿಗೆ ಉತ್ತರ ಬರೆದೆ. ಅವಳ ಮೇಲ್‌ನಿಂದ ಒಂದು ಅಂಕವೂ ಜಾಸ್ತಿಯಾಗಲಿಲ್ಲ. ನಿಂತಿದ್ದ ಫೈಲ್ ಮುಂದೆ ಹೋಯಿತು, ಅಷ್ಟೇ.

ಅದೇ ವಾರ ಒಬ್ಬ ಹುಡುಗ "ಬೇರೆ ಕಡೆ ಆಫರ್ ಇದೆ, ಇವತ್ತೇ ಹೇಳಿ" ಅಂತ ಬರೆದಿದ್ದ. ಆ ಕಂಪನಿಗೆ ಯಾವತ್ತಿನೊಳಗೆ ಉತ್ತರ ಕೊಡಬೇಕು ಅಂತ ಕೇಳಿದೆ. ಸದ್ದೇ ಇಲ್ಲ. ಆಫರ್ ನಿಜವಾಗಿ ಇದ್ದರೆ "25ರೊಳಗೆ ಅವರಿಗೆ ತಿಳಿಸಬೇಕು" ಅಂತ ತಾರೀಖು ಹಾಕಿ ಬರೆಯಲಿ. ಅದನ್ನು ಮ್ಯಾನೇಜರ್‌ಗೆ ತೋರಿಸಿ ಬೇಗ ಮಾಡಿ ಅನ್ನಬಹುದು. ಬರೀ ಬೆದರಿಕೆಯನ್ನು ತೋರಿಸೋಕಾಗಲ್ಲ, ಅಲ್ವಾ?

ಬುಧವಾರ ಬಂತು, ಮ್ಯಾನೇಜರ್ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಈ ಸಲ ಅವಳ ಮೇಲ್‌ಗೆ ಕಾಯಲಿಲ್ಲ. ಸಂಜೆ ಹೊರಡುವ ಮುಂಚೆ ನಾನೇ ಬರೆದೆ: ಇನ್ನೆರಡು ದಿನ ಬೇಕು, ಶುಕ್ರವಾರ ಹೇಳುತ್ತೇನೆ.