ಊರನ್ನು, ಗುರುವನ್ನು: ಸಂಧಿಪಾಠದ ಮೂರು ವಾರ

ಮೊದಲ ವಾರ

ತಂಗಿಯ ಮಗ ಈ ಜೂನ್‌ನಲ್ಲಿ ಪುಣೆಯಿಂದ ಮೈಸೂರಿಗೆ ಬಂದು ಎಂಟನೆಯ ತರಗತಿಗೆ ಸೇರಿದ್ದಾನೆ. ಮನೆಯಲ್ಲಿ ಕನ್ನಡವನ್ನು ಅರಳು ಹುರಿದಂತೆ ಆಡುತ್ತಾನೆ, ಪೆನ್ನು ಹಿಡಿದರೆ ಮಾತ್ರ ಬೇರೆಯೇ ಹುಡುಗ. ಸಂಜೆಯ ಮುಕ್ಕಾಲು ಗಂಟೆ ನನ್ನ ಪಾಲಿಗೆ ಬಂದಿದೆ.

ಇಂದು ಇಂಗ್ಲಿಷ್‌ನಿಂದ ಹತ್ತು ವಾಕ್ಯಗಳ ಅನುವಾದ. ಮೂರನೆಯದಕ್ಕೆ ಅವನು ಬರೆದದ್ದು: ‘ನಾನು ಇಬ್ಬರು ಅಣ್ಣಂದಿರನ್ನು ಹೊಂದಿದ್ದೇನೆ.’ ಕಾಗುಣಿತ ಸರಿ, ವಿಭಕ್ತಿ ಸರಿ, ಕನ್ನಡ ಮಾತ್ರ ಇಲ್ಲ. ಪುಸ್ತಕ ಮುಚ್ಚಿಸಿ, “ಪಕ್ಕದ ಮನೆಯ ಅಜ್ಜಿ ನಿನಗೆ ಅಣ್ಣಂದಿರು ಎಷ್ಟು ಜನ ಎಂದು ಕೇಳಿದರೆ ಏನು ಹೇಳುತ್ತೀಯ?” ಎಂದೆ. “ನನಗೆ ಇಬ್ಬರು ಅಣ್ಣಂದಿರು ಇದ್ದಾರೆ” ಎಂದು ಥಟ್ಟನೆ ಹೇಳಿದ. ಅದನ್ನೇ ಬರೆಸಿದೆ. ‘ಅಣ್ಣಂದಿರು ಇದ್ದಾರೆ’ ಎಂಬುದನ್ನು ಒಟ್ಟಿಗೆ ಓದಿಸಿದಾಗ ‘ಅಣ್ಣಂದಿರಿದ್ದಾರೆ’ ಎಂದು ಬಾಯಿಗೆ ತಾನಾಗಿಯೇ ಬಂತು. ನಡುವಿನ ಉಕಾರ ಎಲ್ಲಿಗೆ ಹೋಯಿತು ಎಂದು ಅವನೇ ಕೇಳಿದ. ಲೋಪಸಂಧಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಸಿಗುತ್ತಿರಲಿಲ್ಲ.

ಎರಡನೆಯ ವಾರ

ಉಕ್ತಲೇಖನ. ‘ವಿಧ್ಯಾರ್ಥಿ’ ಎಂದು ನಾಲ್ಕು ಕಡೆ. (ಅಂಗಡಿಗಳ ಫಲಕಗಳಲ್ಲಿಯೂ ಇದನ್ನೇ ನೋಡುತ್ತೇನೆ, ಹುಡುಗನನ್ನು ಬೈದು ಫಲವಿಲ್ಲ.) ಹತ್ತು ಸಲ ಬರೆಸುವ ಬದಲು ಪದವನ್ನು ಬಿಡಿಸಿದೆ: ವಿದ್ಯಾ + ಅರ್ಥಿ. ಆ ಮತ್ತು ಅ ಕೂಡಿ ಒಂದೇ ಆ ಆಯಿತು, ಅದು ಸವರ್ಣದೀರ್ಘ. ‘ವಿದ್ಯೆ’ ಎಂದು ಅವನು ಸರಿಯಾಗಿಯೇ ಬರೆಯುತ್ತಾನೆ. ಹಾಗಾಗಿ ಮಹಾಪ್ರಾಣ ಬರುವುದು ಅರ್ಥಿಯ ಥಕಾರದಲ್ಲಿ ಮಾತ್ರ ಎಂಬುದು ಕಣ್ಣಿಗೆ ಕಂಡಿತು. ಮರುದಿನ ತಪ್ಪಲಿಲ್ಲ.

ಮೂರನೆಯ ವಾರ

ಇಲ್ಲಿ ಸಿಕ್ಕಿಕೊಂಡೆವು. ಊರು + ಅನ್ನು = ಊರನ್ನು, ಲೋಪ. ಗುರು + ಅನ್ನು = ಗುರುವನ್ನು, ವಕಾರಾಗಮ. ಎರಡೂ ಉಕಾರದಲ್ಲಿಯೇ ಮುಗಿಯುವ ಪದಗಳು. ವ್ಯಾಕರಣ ಹೇಳುವುದು ಇಷ್ಟು: ಸ್ವರ ಬಿಟ್ಟರೆ ಅರ್ಥ ಕೆಡದಿದ್ದರೆ ಲೋಪ, ಕೆಡುವುದಾದರೆ ಆಗಮ. “ಅರ್ಥ ಕೆಡುತ್ತದೆ ಎಂದು ಮೊದಲೇ ಗೊತ್ತಾಗುವುದು ಹೇಗೆ ದೊಡ್ಡಮ್ಮ? ಉತ್ತರ ಗೊತ್ತಿದ್ದವರಿಗೆ ಮಾತ್ರ ಈ ಸೂತ್ರ” ಎಂದ. ನಿಜವೇ.

ಆ ರಾತ್ರಿ ಪದಗಳನ್ನು ಎರಡು ಸಾಲಾಗಿ ಬರೆದುಕೊಂಡೆ. ಊರು, ಕಾಡು, ಹಾಲು, ಕಲ್ಲು, ಹೆಸರು ಒಂದು ಕಡೆ. ಮಗು, ಹಸು, ಕರು, ನಗು, ಗುರು ಇನ್ನೊಂದು ಕಡೆ. ಎರಡನೆಯ ಸಾಲಿನ ಪದಗಳೆಲ್ಲ ಎರಡೇ ಅಕ್ಷರದವು, ಎರಡೂ ಹ್ರಸ್ವ, ಒತ್ತಕ್ಷರವೂ ಇಲ್ಲ. ಮೊದಲ ಸಾಲಿನಲ್ಲಿ ದೀರ್ಘವೋ ಒತ್ತೋ ಮೂರನೆಯ ಅಕ್ಷರವೋ ಒಂದಿಲ್ಲೊಂದು ಇದೆ. ಮರುದಿನ ಇದನ್ನೇ ಸೂತ್ರವೆಂದು ಹೆಮ್ಮೆಯಿಂದ ಹೇಳಿದೆ. ಹತ್ತೇ ನಿಮಿಷದಲ್ಲಿ ಅವನು ‘ವಸ್ತು’ ಎಂದ. ಒತ್ತಕ್ಷರವಿದೆ, ಆದರೂ ವಸ್ತುವನ್ನು. ವಾಯು, ಸಾಧು ಕೂಡ ಹಾಗೆಯೇ. ಸಂಸ್ಕೃತದಿಂದ ಬಂದ ಉಕಾರಾಂತ ಪದಗಳು ಉಕಾರವನ್ನು ಬಿಟ್ಟುಕೊಡುವುದಿಲ್ಲ. ಸರಿ, ನನ್ನ ಸೂತ್ರಕ್ಕೆ ಒಂದು ತೇಪೆ.

ಆದರೆ ನಮಗೆ ಬೇಕಾಗಿದ್ದದ್ದು ಅವನ ಕಿವಿಯಲ್ಲೇ ಇತ್ತು. ಅಡುಗೆಮನೆಯಿಂದ ತಂಗಿ “ಹಾಲ್ನ ಫ್ರಿಜ್ಜಿನಲ್ಲಿಡು, ಮಗೂನ ಎಬ್ಬಿಸಬೇಡ” ಎಂದು ಕೂಗಿದಳು. ಆಡುಮಾತಿನ ‘ಹಾಲ್ನ’ದಲ್ಲಿ ಉಕಾರ ಬಿದ್ದುಹೋಗಿದೆ, ‘ಮಗೂನ’ದಲ್ಲಿ ಉಳಿದದ್ದಷ್ಟೇ ಅಲ್ಲ, ದೀರ್ಘವೂ ಆಗಿದೆ. ಮಾತಿನಲ್ಲಿ ಬೀಳುವ ಉಕಾರ ಬರಹದಲ್ಲಿ ಲೋಪ, ಮಾತಿನಲ್ಲಿ ನಿಲ್ಲುವ ಉಕಾರ ಬರಹದಲ್ಲಿ ವಕಾರಾಗಮ. ಊರ್ನ, ಊರನ್ನು. ಗುರೂನ, ಗುರುವನ್ನು. ವಸ್ತೂನ, ವಸ್ತುವನ್ನು. ಪಾಠದಲ್ಲಿದ್ದ ಇಪ್ಪತ್ತು ಪದಗಳನ್ನು ಹೀಗೆ ಹೇಳಿ ನೋಡಿ ಬರೆದ, ಒಂದೂ ತಪ್ಪಲಿಲ್ಲ. ಮನೆಮಾತು ಕನ್ನಡವಲ್ಲದ ಅವನ ಗೆಳೆಯನಿಗೆ ಇದು ನಡೆಯಲಿಲ್ಲ, ಅವನಿಗೆ ನನ್ನ ತೇಪೆಯ ಸೂತ್ರವೇ ಗತಿ.

ಇಂದು ಬಟ್ಟೆ ಮಡಿಸುತ್ತಿದ್ದಾಗ ಅವನೇ ಒಂದು ಅಪವಾದ ಹಿಡಿದು ತಂದ. ‘ಬೀರು’. ಮೊದಲಕ್ಷರ ದೀರ್ಘ, ಸಂಸ್ಕೃತವೂ ಅಲ್ಲ. ನನ್ನ ಸೂತ್ರದ ಪ್ರಕಾರ ‘ಬೀರನ್ನು’ ಆಗಬೇಕು. ಕಿವಿ ಮಾತ್ರ ‘ಬೀರೂನ’ ಎನ್ನುತ್ತದೆ, ಬರೆಯುವುದು ಬೀರುವನ್ನು. ಹೊರಗಿನಿಂದ ಬಂದ ಪದ ತನ್ನ ಉಕಾರವನ್ನು ಹೊತ್ತುಕೊಂಡೇ ಬಂದಿದೆ. ಆದರೆ ಕಾರು, ಬಸ್ಸು ಹಾಗಲ್ಲ. ಅವುಗಳ ಕೊನೆಯ ಉಕಾರ ನಾವೇ ಅಂಟಿಸಿದ್ದು, ಆದ್ದರಿಂದ ಕಾರನ್ನು, ಬಸ್ಸನ್ನು.

ಮುಂದಿನ ವಾರ ಆದೇಶಸಂಧಿ. ಮಳೆ + ಕಾಲ = ಮಳೆಗಾಲ ಎಂದು ಹೇಳುವಷ್ಟರಲ್ಲಿಯೇ ಪ್ರಶ್ನೆ ಬಂದಾಗಿದೆ: ಮನೆ + ಕೆಲಸ ಮನೆಗೆಲಸ ಆಗುವುದಾದರೆ ಮನೆಪಾಠ ಏಕೆ ‘ಮನೆಬಾಠ’ ಆಗಲಿಲ್ಲ? ಪಾಠ ಸಂಸ್ಕೃತ ಪದ, ಅದಕ್ಕೇ ಪಕಾರ ಕದಲಲಿಲ್ಲ ಎಂದೆ. ‘ಹಾಗಾದರೆ ಕಾಲ?’ ಎಂದ. ಅದೂ ಸಂಸ್ಕೃತವೇ. ಸೋಮವಾರದವರೆಗೆ ಸಮಯ ಕೇಳಿದ್ದೇನೆ.